ಒಂದು ಲ್ಯಾಕ್ಟೋಮೀಟರ್, ಆರು ನಿಮಿಷದ ಭಾಷಣ: ಒಂದೇ ವಸ್ತುವನ್ನು ಮೊದಲಿನಿಂದ ಕೊನೆವರೆಗೆ ಹಿಡಿದು ಮಾತು ಕಟ್ಟುವುದು ಹೇಗೆ

ಬೀಳ್ಕೊಡುಗೆ ಸಮಾರಂಭದ ಭಾಷಣಗಳನ್ನು ನೀವೂ ಕೇಳಿರುತ್ತೀರಿ. "ಸರಳ ಸಜ್ಜನರು, ಶಿಸ್ತಿನ ಸಿಪಾಯಿ, ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋದವರು." ಹೆಸರೊಂದನ್ನು ಬದಲಿಸಿದರೆ ಇದೇ ಭಾಷಣ ಮೇಷ್ಟ್ರಿಗೂ ಆಗುತ್ತದೆ, ಬ್ಯಾಂಕ್ ಮ್ಯಾನೇಜರಿಗೂ ಆಗುತ್ತದೆ. ಹೊಗಳಿಕೆ ಸುಳ್ಳಿರಲಿಕ್ಕಿಲ್ಲ. ಆದರೆ ಕೇಳುವವರ ಕಣ್ಣಿಗೆ ಏನೂ ಕಾಣುವುದಿಲ್ಲ, ಹಾಗಾಗಿ ಊಟದ ಎಲೆ ಹಾಕುವ ಹೊತ್ತಿಗೆ ಏನೂ ನೆನಪಿರುವುದಿಲ್ಲ.

ಇದಕ್ಕೆ ಒಂದು ಹಳೆಯ ಉಪಾಯವಿದೆ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವನ್ನು ಆರಿಸಿಕೊಂಡು, ಅದನ್ನೇ ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಕರೆದುಕೊಂಡು ಹೋಗುವುದು. ಹೇಳಲು ಸುಲಭ. ಮಾಡುವಾಗ ಮಾತ್ರ ಹೆಚ್ಚಿನವರು ವಸ್ತುವನ್ನು ಮೊದಲು ಒಮ್ಮೆ, ಕೊನೆಗೆ ಒಮ್ಮೆ ತಂದು ಕೈತೊಳೆದುಕೊಳ್ಳುತ್ತಾರೆ. ಅದು ಹೂವಿನ ಹಾರ ಆಯಿತೇ ಹೊರತು ಎಳೆ ಆಗಲಿಲ್ಲ.

ಇಲ್ಲಿ ಒಂದೇ ಉದಾಹರಣೆಯನ್ನು ಪೂರ್ತಿ ಕಟ್ಟಿ ನೋಡೋಣ. ಹಳೆ ಮೈಸೂರು ಕಡೆಯ ಒಂದು ಹಳ್ಳಿಯ ಡೇರಿ, ಅಂದರೆ ಹಾಲು ಉತ್ಪಾದಕರ ಸಹಕಾರ ಸಂಘ. 30 ವರ್ಷ ಕೆಲಸ ಮಾಡಿದ ಸೆಕ್ರೆಟರಿ ನಿವೃತ್ತರಾಗುತ್ತಿದ್ದಾರೆ. ಮಾತಾಡಬೇಕಾದವರು ಸಂಘದ ಒಬ್ಬ ಯುವ ಸದಸ್ಯ. ಸಮಯ ಆರು ನಿಮಿಷ. ಎದುರಿಗೆ ಕೂತವರೆಲ್ಲ ದಿನಾ ಎರಡು ಹೊತ್ತು ಹಾಲು ಹಾಕುವವರು. ಊರು, ಮನುಷ್ಯರು, ಘಟನೆಗಳು ಕಲ್ಪನೆ. ನಮ್ಮ ವಸ್ತು ಲ್ಯಾಕ್ಟೋಮೀಟರ್, ಅಂದರೆ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಗಾಜಿನ ಕೊಳವೆ. ಅದರ ಬಗ್ಗೆ ಹೇಳುವುದು ಮಾತ್ರ ನಿಜ.

ಮೊದಲು, ಎಳೆ ಅಂದರೆ ಏನು?

ಎರಡು ಹಳೆಯ ಭಾಷಣಗಳನ್ನು ಪಕ್ಕ ಪಕ್ಕ ಇಟ್ಟರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

1895ರ ಸೆಪ್ಟೆಂಬರ್ 18ರಂದು ಅಮೆರಿಕದ ಅಟ್ಲಾಂಟಾದಲ್ಲಿ ಬೂಕರ್ ಟಿ. ವಾಷಿಂಗ್ಟನ್ ಮಾತಾಡಿದರು. ಗುಲಾಮರಾಗಿ ಹುಟ್ಟಿ ಶಿಕ್ಷಣ ಸಂಸ್ಥೆ ಕಟ್ಟಿದವರು. ಅವರು ಹೇಳಿದ ಕಥೆ ಇದು: ಸಮುದ್ರದಲ್ಲಿ ದಾರಿ ತಪ್ಪಿದ ಹಡಗಿನವರು ಬಾಯಾರಿ ಸಾಯುತ್ತಿದ್ದಾರೆ. ದೂರದಲ್ಲಿ ಕಂಡ ಇನ್ನೊಂದು ಹಡಗಿಗೆ ನೀರು ಬೇಕೆಂದು ಸಂಜ್ಞೆ ಮಾಡುತ್ತಾರೆ. ನಿಂತಲ್ಲೇ ಬಕೆಟ್ ಇಳಿಸಿ ಎಂಬ ಉತ್ತರ ಬರುತ್ತದೆ. ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರ. ಕೊನೆಗೆ ಇಳಿಸಿದರೆ ಸಿಹಿನೀರು ಬರುತ್ತದೆ, ಯಾಕೆಂದರೆ ಹಡಗು ನಿಂತಿದ್ದು ಅಮೆಜಾನ್ ನದಿ ಸಮುದ್ರ ಸೇರುವ ಜಾಗದಲ್ಲಿ. ಆಮೇಲೆ ವಾಷಿಂಗ್ಟನ್ ಅದೇ ಬಕೆಟ್ಟನ್ನು ಮೊದಲು ಕಪ್ಪು ಜನರ ಕಡೆ ತಿರುಗಿಸುತ್ತಾರೆ: ನೀವಿರುವ ದಕ್ಷಿಣ ರಾಜ್ಯಗಳಲ್ಲೇ, ಕೈಗೆ ಸಿಗುವ ಕೆಲಸದಲ್ಲೇ ಇಳಿಸಿ. ನಂತರ ಬಿಳಿಯರ ಕಡೆ: ಹೊರಗಿನಿಂದ ಬರುವ ಕೂಲಿಗಳನ್ನು ಕಾಯಬೇಡಿ, ನಿಮ್ಮ ನಡುವೆಯೇ ಇರುವ ನಮ್ಮ ಜನರಲ್ಲಿ ಇಳಿಸಿ. ಒಂದೇ ಬಕೆಟ್, ಎರಡು ಗುಂಪು, ಎರಡು ಅರ್ಥ. ಅವರ ರಾಜಕೀಯ ನಿಲುವಿಗೆ ಮುಂದೆ ಕಟು ಟೀಕೆ ಬಂತು, ಅದು ಬೇರೆ ವಿಷಯ. ನಮ್ಮ ಲೆಕ್ಕಕ್ಕೆ ಬೇಕಾದ್ದು ಇಷ್ಟು: ಬಕೆಟ್ ಭಾಷಣದ ಮೊದಲ ಭಾಗದಲ್ಲೇ ಮುಗಿದುಹೋಗುತ್ತದೆ. ನಡುವೆ ಕೈ ಮತ್ತು ಬೆರಳುಗಳ ಚಿತ್ರ ಬರುತ್ತದೆ. ಮುಕ್ತಾಯದಲ್ಲಿ ಬಕೆಟ್ ಇಲ್ಲ.

ಇನ್ನೊಂದು, 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನ ಯುದ್ಧಸ್ಮಾರಕ ಸ್ಮಶಾನದಲ್ಲಿ ಅಬ್ರಹಾಂ ಲಿಂಕನ್ ಮಾಡಿದ ಭಾಷಣ. ಸುಮಾರು 270 ಪದಗಳು, ಎರಡು ಮೂರು ನಿಮಿಷ. ಅಲ್ಲಿ ಎಳೆಯಾಗಿರುವುದು ಹುಟ್ಟು. ಮೊದಲ ವಾಕ್ಯದಲ್ಲೇ ದೇಶವೊಂದು ಗರ್ಭ ಕಟ್ಟಿ, ಹಡೆಯಲ್ಪಟ್ಟ ಮಾತು ಬರುತ್ತದೆ. ನಡುವೆ ಆ ದೇಶ ಬದುಕಲೆಂದು ಪ್ರಾಣ ಕೊಟ್ಟವರ ಸಾವು. ಕೊನೆಯ ವಾಕ್ಯದಲ್ಲಿ ಸ್ವಾತಂತ್ರ್ಯಕ್ಕೆ ಹೊಸ ಹುಟ್ಟು, ಜನರ ಸರ್ಕಾರ ಅಳಿಯಬಾರದು ಎಂಬ ಮಾತು. ಮೊದಲು ಬಂದ ಹುಟ್ಟು ಮತ್ತು ಕೊನೆಗೆ ಬಂದ ಹುಟ್ಟು ಒಂದೇ ಅಲ್ಲ. ನಡುವೆ ಸಾವು ಬಂದು ಹೋಗಿದೆ. ಕೇಳುವವರಿಗೆ "ಈಗ ಒಂದು ಉಪಮೆ ಕೊಡ್ತೀನಿ" ಎಂದು ಅವರು ಎಲ್ಲೂ ಹೇಳಲಿಲ್ಲ.

ನಮಗೆ ಬೇಕಾದ ನಿಯಮ ಇಲ್ಲಿಂದ ಸಿಗುತ್ತದೆ. ವಸ್ತು ಪ್ರತಿ ಸಲ ವಾಪಸ್ ಬಂದಾಗಲೂ ಏನಾದರೂ ಹೊಸತನ್ನು ಹೊತ್ತು ತರಬೇಕು. ಹಾಗೇ ವಾಪಸ್ ಬಂದರೆ ಅದು ಬರೀ ಪುನರಾವರ್ತನೆ.

ಹಂತ 1: ಮೊದಲು ಒಂದು ಸಾಲು, ಆಮೇಲೆ ವಸ್ತು

ವಸ್ತು ಹುಡುಕುವ ಮೊದಲು ಒಂದು ಸಾಲು ಬರೆಯಿರಿ: ಈ ಮನುಷ್ಯನ ಬಗ್ಗೆ ನಾನು ಹೇಳಬೇಕಾದ ಒಂದೇ ಮಾತು ಯಾವುದು? "ಒಳ್ಳೆಯವರು" ಸಾಲದು. ನಮ್ಮ ಸೆಕ್ರೆಟರಿಯ ಬಗ್ಗೆ ಹೀಗೆ ಬರೆಯೋಣ: *ಅವರು ಎಲ್ಲರ ಹಾಲನ್ನೂ ಒಂದೇ ಕಣ್ಣಲ್ಲಿ ನೋಡಿದರು, ಆದರೆ ಅಳತೆಯನ್ನಷ್ಟೇ ನಂಬಿ ಯಾರನ್ನೂ ಕಳ್ಳ ಅನ್ನಲಿಲ್ಲ.*

ಈ ಸಾಲಿನಲ್ಲಿ ಒಂದು "ಆದರೆ" ಇದೆ, ನೋಡಿ. ಅದು ಮುಖ್ಯ. ಆ "ಆದರೆ" ಇಲ್ಲದಿದ್ದರೆ ಭಾಷಣಕ್ಕೆ ತಿರುವು ಸಿಗುವುದಿಲ್ಲ, ವಸ್ತುವಿಗೂ ಬದಲಾಗಲು ಜಾಗ ಇರುವುದಿಲ್ಲ.

ಈಗ ವಸ್ತು. ಆ ಮನುಷ್ಯನ ಕೈಗೆ ದಿನಾ ತಗಲುತ್ತಿದ್ದ ಸಾಮಾನುಗಳನ್ನು ಬರೆದುಕೊಳ್ಳಿ. ಹಾಲಿನ ಕ್ಯಾನು, ಅಳತೆಯ ಲೋಟ, ಸ್ಯಾಂಪಲ್ ಬಾಟಲಿ, ಲೆಡ್ಜರು, ಬಟವಾಡೆ ದಿನದ ಹಣದ ಪೆಟ್ಟಿಗೆ, ಲ್ಯಾಕ್ಟೋಮೀಟರ್. ದೀಪ, ಆಲದ ಮರ, ಮೇಣದಬತ್ತಿ, ಏಣಿ ಇವನ್ನು ಪಟ್ಟಿಗೇ ಸೇರಿಸಬೇಡಿ. ಅವು ಯಾರ ಕೈಯ ಸಾಮಾನೂ ಅಲ್ಲ. ಎಷ್ಟು ಸಲ ವೇದಿಕೆ ಹತ್ತಿವೆಯೆಂದರೆ ಕೇಳುವವರು ಮುಂದಿನ ವಾಕ್ಯವನ್ನು ತಾವೇ ಹೇಳಬಲ್ಲರು.

ಪಟ್ಟಿಯಲ್ಲಿ ಇರುವುದನ್ನು ಮೂರು ಪ್ರಶ್ನೆಯಿಂದ ಜರಡಿ ಹಿಡಿಯಿರಿ. ಕೂತವರಿಗೆ ಅದು ಕಣ್ಣಮುಂದೆ ಬರುತ್ತದೆಯೇ? ಅದು ಏನಾದರೂ *ಕೆಲಸ ಮಾಡುತ್ತದೆಯೇ*, ಸುಮ್ನೆ ಇರುತ್ತದೆಯೇ? ಅದಕ್ಕೊಂದು ಕುಂದು ಇದೆಯೇ? ಕ್ಯಾನು ಮೊದಲ ಪ್ರಶ್ನೆ ದಾಟುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ. ಅದು ತುಂಬುತ್ತದೆ, ಖಾಲಿಯಾಗುತ್ತದೆ, ಅಷ್ಟೇ. ಲೆಡ್ಜರು ಕೆಲಸ ಮಾಡುತ್ತದೆ, ಆದರೆ ಸದಸ್ಯರಲ್ಲಿ ಹೆಚ್ಚಿನವರು ಅದರ ಒಳಗೆ ನೋಡಿರುವುದಿಲ್ಲ. ಲ್ಯಾಕ್ಟೋಮೀಟರ್ ಮೂರನ್ನೂ ದಾಟುತ್ತದೆ. ಮೂರನೆಯ ಪ್ರಶ್ನೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ನನ್ನ ಪ್ರಕಾರ ಅದೇ ದೊಡ್ಡದು. ಕುಂದಿಲ್ಲದ ವಸ್ತುವಿನಿಂದ ಹೊಗಳಿಕೆ ಬಿಟ್ಟು ಬೇರೇನೂ ಹುಟ್ಟುವುದಿಲ್ಲ.

ಹಂತ 2: ವಸ್ತುವನ್ನು ಕಲಿಯಿರಿ

ಇಲ್ಲಿ ಅವಸರ ಮಾಡಬೇಡಿ. ಭಾಷಣದ ಅರ್ಧ ಕೆಲಸ ಇದೇ. ವಸ್ತುವನ್ನು ಮುಂದಿಟ್ಟುಕೊಂಡು, ಅದನ್ನು ಬಳಸುವವರ ಹತ್ತಿರ ಕೂತು, ಅದರ ನಿಜಗಳನ್ನು ಬರೆದುಕೊಳ್ಳಿ. ಅರ್ಥ, ಸಂದೇಶ ಯಾವುದೂ ಈಗ ಬೇಡ. "ಇದು ಪ್ರಾಮಾಣಿಕತೆಯ ಸಂಕೇತ" ಎಂದು ಬರೆದರೆ ಹೊಡೆದುಹಾಕಿ. ಲ್ಯಾಕ್ಟೋಮೀಟರ್ ಬಗ್ಗೆ ಬರೆದರೆ ಇಷ್ಟು ಸಿಗುತ್ತದೆ.

ಅದೊಂದು ಗಾಜಿನ ಕೊಳವೆ. ಕೆಳಗೆ ಉಬ್ಬಿದ ಭಾಗ, ಅದರಲ್ಲಿ ತೂಕ ತುಂಬಿರುತ್ತದೆ, ಅದಕ್ಕೇ ನೆಟ್ಟಗೆ ನಿಲ್ಲುತ್ತದೆ. ಮೇಲೆ ತೆಳು ಕಡ್ಡಿಯ ಮೇಲೆ ಗೆರೆಗಳು. ಅಳೆಯುವುದು ಹಾಲಿನ ಸಾಂದ್ರತೆ. ಬರೀ ನೀರಿಗೆ ಬಿಟ್ಟರೆ ಸೊನ್ನೆ ತೋರಿಸುತ್ತದೆ. ಒಳ್ಳೆಯ ಹಸುವಿನ ಹಾಲಿಗೆ ಸುಮಾರು 28ರಿಂದ 32. ಈ ಅಂಕಿಯನ್ನೇ ಡೇರಿಯಲ್ಲಿ ಡಿಗ್ರಿ ಅನ್ನುವುದು. ಹಾಲಿಗೆ ನೀರು ಸೇರಿದಷ್ಟೂ ಅದು ಇನ್ನೂ ಆಳಕ್ಕೆ ಮುಳುಗುತ್ತದೆ, ಅಂಕಿ ಕಡಿಮೆಯಾಗುತ್ತದೆ. ಜಾರಿನ ಗೋಡೆಗೆ ತಾಗಿದರೆ ಲೆಕ್ಕ ತಪ್ಪುತ್ತದೆ, ಸ್ವತಂತ್ರವಾಗಿ ತೇಲಬೇಕು. ಆಗಷ್ಟೇ ಕರೆದ ನೊರೆ ಹಾಲಿನಲ್ಲಿ ಸರಿಯಾದ ಅಂಕಿ ಸಿಗುವುದಿಲ್ಲ, ಸ್ವಲ್ಪ ಕಾಯಬೇಕು. ಹಾಲು ಬಿಸಿಯಿದ್ದರೆ ಅಂಕಿ ಇಳಿಯುತ್ತದೆ, ತಣ್ಣಗಿದ್ದರೆ ಏರುತ್ತದೆ, ಅದನ್ನು ಸರಿಹೊಂದಿಸಬೇಕು. ಓದಬೇಕಾದರೆ ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತರಬೇಕು.

ಇನ್ನು ಕುಂದು. ಕೊಬ್ಬು ಹಗುರ. ಹಾಗಾಗಿ ಕೆನೆ ತೆಗೆದರೆ ಉಳಿದ ಹಾಲಿನ ಅಂಕಿ ಏರುತ್ತದೆ. ಆಮೇಲೆ ಹದವಾಗಿ ನೀರು ಬೆರೆಸಿದರೆ ಅಂಕಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಲ್ಯಾಕ್ಟೋಮೀಟರ್ ಮೋಸ ಹೋಗುತ್ತದೆ. ಅದಕ್ಕೇ ಡೇರಿಗಳಲ್ಲಿ ಫ್ಯಾಟ್ ಬೇರೆಯಾಗಿ ನೋಡುವುದು. ಇದರ ಉಲ್ಟಾ ಕೂಡ ಆಗುತ್ತದೆ: ಹಸುವಿಗೆ ಸರಿಯಾದ ಮೇವಿಲ್ಲದಿದ್ದರೆ ಹಾಲಿನ ಗಟ್ಟಿ ಅಂಶ ಕಡಿಮೆಯಾಗಿ, ಒಂದು ಹನಿ ನೀರು ಬೆರೆಸದಿದ್ದರೂ ಡಿಗ್ರಿ ಕಡಿಮೆ ಬರಬಹುದು.

ಈ ಕೊನೆಯ ವಿಷಯ ಸಿಕ್ಕಿದ ತಕ್ಷಣ ನಮ್ಮ ಸಾಲಿನ "ಆದರೆ" ನಿಂತ ಜಾಗ ಗೊತ್ತಾಯಿತು. ಅಳತೆ ನಿಜವನ್ನೇ ಹೇಳಿದರೂ ಮನುಷ್ಯನ ಬಗ್ಗೆ ಸುಳ್ಳು ಹೇಳಬಹುದು. ಇದನ್ನು ಟೇಬಲ್ ಮುಂದೆ ಕೂತು ಯೋಚಿಸಿ ತೆಗೆಯಲಿಕ್ಕೆ ಆಗುವುದಿಲ್ಲ. ವಸ್ತುವನ್ನು ಕಲಿತರೇ ಸಿಗುವುದು.

ಹಂತ 3: ನಾಲ್ಕನ್ನು ಆರಿಸಿ, ಉಳಿದದ್ದನ್ನು ಬಿಡಿ

ಆರು ನಿಮಿಷಕ್ಕೆ ನಾಲ್ಕು ಸಲ ವಸ್ತು ಬಂದರೆ ಸಾಕು. ಮೂರು ನಿಮಿಷದ ಮಾತಾದರೆ ಮೂರು. ಇಪ್ಪತ್ತು ನಿಮಿಷದ ಭಾಷಣಕ್ಕೂ ನಾನು ಆರಕ್ಕಿಂತ ಜಾಸ್ತಿ ಇಡುವುದಿಲ್ಲ. ಜೊತೆಗೆ ಇನ್ನೊಂದು ಲೆಕ್ಕ: ವಸ್ತುವಿನ ಬಗ್ಗೆ ಆಡುವ ಮಾತು ಒಟ್ಟು ಸಮಯದಲ್ಲಿ ಮೂರನೇ ಒಂದು ಭಾಗ ದಾಟಬಾರದು. ದಾಟಿದರೆ ಅದು ಲ್ಯಾಕ್ಟೋಮೀಟರ್ ಬಗೆಗಿನ ಪಾಠವಾಗುತ್ತದೆ.

ನಾವು ಆರಿಸುವ ನಾಲ್ಕು: ಬಗ್ಗಿ ಓದಬೇಕು. ಗೋಡೆಗೆ ತಾಗಬಾರದು. ಡಿಗ್ರಿ ಕಡಿಮೆ ಬಂದರೆ ನೀರೇ ಬೆರೆಸಿದ್ದಾರೆ ಎಂದಲ್ಲ. ಎಲ್ಲರ ಹಾಲಿಗೂ ಇದೇ ಅಳತೆ.

ಕ್ರಮವನ್ನು ಹೀಗೆ ನಿರ್ಧರಿಸಿ. ಕಣ್ಣಿಗೆ ತಕ್ಷಣ ಕಾಣುವುದು ಮೊದಲು. ಎಲ್ಲರೂ ಒಪ್ಪುವ ಗುಣ ಎರಡನೆಯದು. ಕುಂದು ಮೂರನೆಯದು, ಯಾಕೆಂದರೆ ಅಷ್ಟು ಹೊತ್ತಿಗೆ ಕೇಳುವವರು ವಸ್ತುವನ್ನು ನಂಬಿರುತ್ತಾರೆ, ನಂಬಿಕೆ ಅಲುಗಿದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ. ಕೊನೆಯದು ನಾಳೆಯ ಕಡೆ ನೋಡುವಂತಿರಲಿ. ಕೆನೆ ತೆಗೆದು ನೀರು ಬೆರೆಸುವ ವಿಷಯ ಎಷ್ಟೇ ಸ್ವಾರಸ್ಯವಾಗಿದ್ದರೂ ಬಿಡಬೇಕು. ಎದುರಿಗೆ ಕೂತವರೆಲ್ಲ ಹಾಲು ಹಾಕುವವರು. ಬೀಳ್ಕೊಡುಗೆ ದಿನ ಅವರಿಗೆ ಕಳ್ಳತನದ ಪಾಠ ಹೇಳಿದರೆ ನಾಲ್ಕು ಜನ ಎದ್ದು ಹೋಗುತ್ತಾರೆ, ಉಳಿದವರು ಪಕ್ಕದವರ ಮುಖ ನೋಡುತ್ತಾರೆ.

ಹಂತ 4: ಮೊದಲ ಮಾತು

ನಮ್ಮ ಕಡೆ ಭಾಷಣದ ಮೊದಲ ನಿಮಿಷವನ್ನು ವೇದಿಕೆಯವರ ಹೆಸರುಗಳೇ ತಿನ್ನುತ್ತವೆ. "ವೇದಿಕೆ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ..." ಎಂದು ಶುರುವಾಗಿ ಹತ್ತು ಹೆಸರು ಮುಗಿಯುವಾಗ ಕೂತವರು ಮೊಬೈಲ್ ತೆಗೆದಿರುತ್ತಾರೆ. ಹೆಸರು ಬಿಡುವಂತಿಲ್ಲ, ಮುನಿಸು ಬರುತ್ತದೆ. ಎರಡು ದಾರಿ ಇವೆ. ನಿಮಗಿಂತ ಮೊದಲು ಮಾತಾಡಿದವರು ಎಲ್ಲರ ಹೆಸರನ್ನೂ ಹೇಳಿದ್ದರೆ "ವೇದಿಕೆಯ ಹಿರಿಯರೇ, ಎದುರಿಗಿರುವ ನನ್ನ ಊರಿನವರೇ" ಎಂದಷ್ಟೇ ಹೇಳಿ ಮುಂದೆ ಹೋಗಿ. ಇಲ್ಲದಿದ್ದರೆ ವಸ್ತುವಿನಿಂದಲೇ ಶುರು ಮಾಡಿ, ಮೊದಲ ಚಿತ್ರ ಕೂತ ಮೇಲೆ ವಂದನೆಗೆ ಬನ್ನಿ. ನನಗೆ ಎರಡನೆಯದೇ ಇಷ್ಟ.

ವಸ್ತುವನ್ನು ಪರಿಚಯಿಸುವಾಗ ವಿವರಣೆ ಬೇಡ, ಅದು ಕೆಲಸದಲ್ಲಿರುವಾಗಲೇ ತೋರಿಸಿ. "ಲ್ಯಾಕ್ಟೋಮೀಟರ್ ಎಂಬುದು ಹಾಲಿನ ಗುಣಮಟ್ಟ ಅಳೆಯುವ ಸಾಧನ" ಎಂದು ಹಾಲು ಹಾಕುವವರ ಮುಂದೆ ಹೇಳಿದರೆ ನಗುತ್ತಾರೆ. ಹೀಗೆ ಶುರು ಮಾಡೋಣ:

"ನಮ್ಮ ಡೇರಿಯಲ್ಲಿ ಬೆಳಗ್ಗೆ ಆರು ಗಂಟೆಗೆ ಕ್ಯೂ ನಿಂತರೆ ಮೊದಲು ಕಾಣೋದು ಸೆಕ್ರೆಟರಿ ಅಣ್ಣನ ಮುಖ ಅಲ್ಲ, ಅವರ ಬೋಳು ತಲೆ. ಯಾಕೆ ಹೇಳಿ? ಲ್ಯಾಕ್ಟೋಮೀಟರ್ ಓದಬೇಕಾದರೆ ಬಗ್ಗಬೇಕು. ಕಣ್ಣು ಹಾಲಿನ ಮಟ್ಟಕ್ಕೆ ಬರಬೇಕು. ಇಪ್ಪತ್ತು ಲೀಟರ್ ಹಾಕೋರ ಹಾಲಿಗೂ ಬಗ್ಗಿದ್ದಾರೆ, ಅರ್ಧ ಲೀಟರ್ ತರೋ ನಮ್ಮಜ್ಜಿ ಹಾಲಿಗೂ ಬಗ್ಗಿದ್ದಾರೆ. ದಿನಕ್ಕೆ ಎರಡು ಹೊತ್ತು, ಮೂವತ್ತು ವರ್ಷ. ಅವರ ಬೆನ್ನುನೋವಿಗೆ ನಾವೆಲ್ಲರೂ ಕಾರಣ. ವೇದಿಕೆಯ ಹಿರಿಯರಿಗೆ, ಸಂಘದ ಸದಸ್ಯರಿಗೆ ನಮಸ್ಕಾರ."

ಸಮಾನತೆ ಎಂಬ ಮಾತನ್ನು ಇಲ್ಲಿ ಎಲ್ಲೂ ಬಳಸಿಲ್ಲ. ಆದರೂ ಅದೇ ಕೇಳಿಸುತ್ತದೆ. ಬೋಳು ತಲೆಯ ಮಾತು ನಿಮ್ಮೂರಿನ ಸಲುಗೆಗೆ ಒಪ್ಪದಿದ್ದರೆ ಬಿಡಿ. ಅದನ್ನು ಮೊದಲೇ ಅವರ ಮನೆಯವರ ಕಿವಿಗೆ ಹಾಕಿ ನೋಡುವುದು ಕ್ಷೇಮ.

ಹಂತ 5: ನಡುವೆ ವಸ್ತುವನ್ನು ಮರೆಯಲು ಬಿಡಿ

ಮೊದಲ ಚಿತ್ರ ಆದಮೇಲೆ ಒಂದು, ಒಂದೂವರೆ ನಿಮಿಷ ವಸ್ತುವಿನ ಹೆಸರೇ ಎತ್ತಬೇಡಿ. ಸಂಘ ಶುರುವಾದ ದಿನಗಳು, ಮೊದಲು ಎಷ್ಟು ಲೀಟರ್ ಬರುತ್ತಿತ್ತು, ಕಟ್ಟಡ ಹೇಗಾಯಿತು, ಇಂಥ ವಿಷಯ ಹೇಳಿ. ಕೇಳುವವರು ಲ್ಯಾಕ್ಟೋಮೀಟರ್ ಮರೆತಿರಬೇಕು. ಮರೆತದ್ದು ವಾಪಸ್ ಬಂದರೇ ಖುಷಿ. ವಾಕ್ಯಕ್ಕೊಮ್ಮೆ ಬಂದರೆ ಕಿರಿಕಿರಿ.

ಎರಡನೇ ಸಲ ಬರುವಾಗ ಯಾವುದಾದರೂ ಘಟನೆಯ ಬೆನ್ನಿಗೆ ಬರಲಿ:

"ಪಂಚಾಯ್ತಿ ಎಲೆಕ್ಷನ್ ಬಂತು. ಊರು ಎರಡಾಯಿತು. ಮದುವೆಗೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗದ ಕಾಲ. ಆವಾಗಲೂ ಡೇರಿ ಕ್ಯೂ ಒಂದೇ ಇತ್ತು. ಲ್ಯಾಕ್ಟೋಮೀಟರ್ ಜಾರಿನ ಗೋಡೆಗೆ ತಾಗಿದರೆ ಲೆಕ್ಕ ತಪ್ಪುತ್ತೆ, ಅಣ್ಣನಿಗೆ ಅದು ಗೊತ್ತಿತ್ತು. ಆ ಕಡೆಗೂ ತಾಗಲಿಲ್ಲ, ಈ ಕಡೆಗೂ ತಾಗಲಿಲ್ಲ."

ಇಲ್ಲಿಗೆ ನಿಲ್ಲಿಸಿ. "ಅಂದರೆ ಅವರು ನಿಷ್ಪಕ್ಷಪಾತಿಗಳಾಗಿದ್ದರು" ಎಂದು ಸೇರಿಸುವ ಆಸೆ ಬರುತ್ತದೆ. ಆ ವಾಕ್ಯ ಸೇರಿಸಿದರೆ ಕೇಳುವವರು ತಾವೇ ಹಿಡಿದದ್ದನ್ನು ನೀವು ಕಿತ್ತುಕೊಂಡ ಹಾಗೆ. ಕರಡಿನಲ್ಲಿ "ಅಂದರೆ", "ಅದೇ ರೀತಿ", "ಹಾಗೆಯೇ ನಮ್ಮ ಬದುಕಿನಲ್ಲೂ" ಎಂದು ಶುರುವಾಗುವ ವಾಕ್ಯಗಳಿಗೆ ಗೆರೆ ಎಳೆದು ನೋಡಿ. ಮುಕ್ಕಾಲು ಪಾಲು ತೆಗೆಯಬಹುದು.

ಹಂತ 6: ತಿರುವು

ಇದು ಭಾಷಣದ ಹೃದಯ. ಇದಕ್ಕೆ ಎರಡು ನಿಮಿಷ ಕೊಡಿ. ವಸ್ತು ಸೋಲುವ ಜಾಗದಲ್ಲಿ ಮನುಷ್ಯ ಕಾಣಬೇಕು.

"ಒಂದು ಬೇಸಿಗೆ. ಒಬ್ಬ ಅಜ್ಜಿ ಹಾಲು ತಂದರು. ಡಿಗ್ರಿ ನೋಡಿದರೆ ಇಪ್ಪತ್ತಾರು. ಮಾರನೇ ದಿನವೂ ಅಷ್ಟೇ. ಕ್ಯೂನಲ್ಲಿ ಗುಸುಗುಸು ಶುರುವಾಯಿತು, ನಾನೂ ಅದರಲ್ಲಿದ್ದೆ. ಲ್ಯಾಕ್ಟೋಮೀಟರ್ ಸುಳ್ಳು ಹೇಳಲ್ಲ ಅಲ್ವಾ? ಅಣ್ಣ ಏನೂ ಅನ್ನಲಿಲ್ಲ. ಸಾಯಂಕಾಲ ಅಜ್ಜಿ ಮನೆ ಕೊಟ್ಟಿಗೆಗೆ ಹೋದರು. ಹಸುವಿನ ಮುಂದೆ ಇದ್ದದ್ದು ಬರೀ ಒಣ ರಾಗಿ ಹುಲ್ಲು. ಹಿಂಡಿ ಬೂಸಾ ಹಾಕಿ ಎಷ್ಟು ತಿಂಗಳಾಗಿತ್ತೋ. ನೀರು ಬೆರೆತಿರಲಿಲ್ಲ. ಹಸುವಿಗೆ ಹೊಟ್ಟೆಗಿರಲಿಲ್ಲ. ಮಾರನೇ ದಿನ ಸಂಘದಿಂದ ಒಂದು ಮೂಟೆ ಪಶು ಆಹಾರ ಅವರ ಮನೆಗೆ ಹೋಯಿತು, ಲೆಕ್ಕ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಂಡರು. ಕೆಲವು ವಾರ ಕಳೆದ ಮೇಲೆ ಡಿಗ್ರಿ ಮೇಲಕ್ಕೆ ಬಂತು. ಲ್ಯಾಕ್ಟೋಮೀಟರ್ ಹಾಲು ನೋಡುತ್ತೆ. ಕೊಟ್ಟಿಗೆ ನೋಡೋಕೆ ಮನುಷ್ಯ ಬೇಕು."

ಕೊನೆಯ ಎರಡು ವಾಕ್ಯ ವಿವರಣೆ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಇಡೀ ಭಾಷಣದಲ್ಲಿ ಒಂದು ಸಲ ಮಾತ್ರ ಇಂಥ ಮಾತಿಗೆ ಅವಕಾಶ, ಅದೂ ತಿರುವಿನಲ್ಲಿ. ಅದಾದ ಮೇಲೂ ವಸ್ತುವಿನ ಮಾತಿನಲ್ಲೇ ಹೇಳಿದ್ದೇವೆ, ಕೊಟ್ಟಿಗೆ ಬಿಟ್ಟು ಕರುಣೆ ಎಂಬ ದೊಡ್ಡ ಪದಕ್ಕೆ ಹೋಗಿಲ್ಲ.

ಎರಡು ಎಚ್ಚರಿಕೆ. ಇಂಥ ಘಟನೆ ನಿಜವಾಗಿ ನಡೆದಿರಬೇಕು. ಹಳ್ಳಿಯಲ್ಲಿ ಕಟ್ಟುಕಥೆ ಹತ್ತು ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ. ನಡೆದಿದ್ದರೆ ಆ ಅಜ್ಜಿಯ ಹೆಸರು ಹೇಳಬಾರದು, ಯಾರೆಂದು ಊರಿಗೆ ಗೊತ್ತಾಗುವ ಗುರುತೂ ಬೇಡ. ಗೊತ್ತಾಗುವ ಹಾಗಿದ್ದರೆ ಅವರನ್ನೇ ಕೇಳಿ ಒಪ್ಪಿಗೆ ಪಡೆಯಿರಿ. ಇನ್ನೊಂದು, ಗುಸುಗುಸು ಮಾಡಿದವರಲ್ಲಿ ಮಾತಾಡುವವನೂ ಸೇರಿಕೊಳ್ಳಬೇಕು. "ನೀವೆಲ್ಲ ಅನುಮಾನಪಟ್ಟಿರಿ" ಎಂದರೆ ಸಭೆ ಗಟ್ಟಿಯಾಗಿ ಕೂರುತ್ತದೆ.

ಅಂಕಿಗಳಲ್ಲೂ ಜೋಪಾನ. ಮೇವು ಸಾಲದ ಹಸುವಿನ ಹಾಲು 26ಕ್ಕೆ ಬರಬಹುದು, 10ಕ್ಕೆ ಬರುವುದಿಲ್ಲ. ಭಾಷಣ ರಂಗೇರಲಿ ಎಂದು "ಹತ್ತು ಡಿಗ್ರಿ" ಎಂದರೆ ಎದುರಿಗೆ ಕೂತವರಿಗೆ ನೀವು ಡೇರಿ ಬಾಗಿಲು ನೋಡಿಲ್ಲ ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಏನು ಹೇಳಿದರೂ ಕೇಳಿಸಿಕೊಳ್ಳುವುದಿಲ್ಲ.

ಹಂತ 7: ಕೊನೆ

ಕೊನೆಯಲ್ಲಿ ವಸ್ತು ಬರುವುದು ಎಲ್ಲರಿಗೂ ಗೊತ್ತಿರುವ ತಂತ್ರ. ತಪ್ಪುವುದು ಎಲ್ಲೆಂದರೆ, ಮೊದಲ ವಾಕ್ಯವನ್ನೇ ಮತ್ತೊಮ್ಮೆ ಹೇಳಿ ಕೈಮುಗಿಯುತ್ತಾರೆ. "ಅಣ್ಣ, ನೀವು ನಮ್ಮ ಊರಿನ ಲ್ಯಾಕ್ಟೋಮೀಟರ್!" ಎಂದರಂತೂ ಕೆಟ್ಟಿತು. ಮನುಷ್ಯನನ್ನು ವಸ್ತು ಮಾಡಬಾರದು. ಅಷ್ಟಕ್ಕೂ ಈಗಷ್ಟೇ ತಿರುವಿನಲ್ಲಿ ಅವರು ಅದಕ್ಕಿಂತ ದೊಡ್ಡವರು ಎಂದು ತೋರಿಸಿದ್ದೇವೆ.

ಕೊನೆಯಲ್ಲಿ ವಸ್ತುವಿಗೆ ಹೊಸದೊಂದು ಕೆಲಸ ಕೊಡಿ. ಜಾಗ ಬದಲಿಸಿ, ಕೈ ಬದಲಿಸಿ, ಕಾಲ ಬದಲಿಸಿ. ನಮ್ಮ ಉದಾಹರಣೆಯಲ್ಲಿ ಸೆಕ್ರೆಟರಿಯೇ ಕ್ಯೂನ ಈ ಕಡೆಗೆ ಬರುತ್ತಾರೆ:

"ಅಣ್ಣ, ಇವತ್ತಿಗೆ ನಿಮ್ಮ ಡ್ಯೂಟಿ ಮುಗೀತು. ಆದರೆ ನಿಮ್ಮ ಮನೇಲಿ ಎರಡು ಹಸು ಇವೆ, ಹಾಲು ಹಾಕಲೇಬೇಕು. ನಾಳೆ ಬೆಳಗ್ಗೆ ನಮ್ಮ ಜೊತೆ ಕ್ಯಾನು ಹಿಡ್ಕೊಂಡು ನಿಲ್ತೀರಿ. ಹೊಸ ಸೆಕ್ರೆಟರಿ ನಿಮ್ಮ ಹಾಲಿಗೂ ಡಿಗ್ರಿ ನೋಡ್ತಾರೆ. ಬಿಡಬೇಡಿ ಅಂತ ಅವರಿಗೆ ನಾವೇ ಹೇಳಿದ್ದೀವಿ. ನಿಮ್ಮ ಮುಂದೆ ಯಾರಾದರೂ ಬಗ್ಗೋದನ್ನ ನಾವೂ ಒಂದು ಸಲ ನೋಡಬೇಕು."

ನಗು ಬರುತ್ತದೆ, ಅದರ ಹಿಂದೆಯೇ ಗಂಟಲು ಕಟ್ಟುತ್ತದೆ. ಮೊದಲು ಬಗ್ಗಿದವರು ಅವರು, ಈಗ ಅವರ ಮುಂದೆ ಇನ್ನೊಬ್ಬರು ಬಗ್ಗುತ್ತಾರೆ. ಇದಾದ ಮೇಲೆ "ಭಗವಂತ ಆಯುರಾರೋಗ್ಯ ಕೊಡಲಿ" ಎಂದು ಇನ್ನೊಂದು ನಿಮಿಷ ಎಳೆಯಬೇಡಿ. ಹಾರೈಕೆ ಬೇಕೇ ಬೇಕು ಎಂದಾದರೆ ಈ ಭಾಗಕ್ಕಿಂತ *ಮೊದಲು* ಹೇಳಿ ಮುಗಿಸಿ. ಕೊನೆಯ ಮಾತು ವಸ್ತುವಿನದೇ ಇರಲಿ, ನಮಸ್ಕಾರ ಹೇಳಿ ಇಳಿಯಿರಿ.

ವಸ್ತುವನ್ನು ಕೈಯಲ್ಲಿ ಹಿಡಿಯಬೇಕೇ?

ಲ್ಯಾಕ್ಟೋಮೀಟರ್ ವಿಷಯದಲ್ಲಿ ನಾನು ಬೇಡ ಅನ್ನುತ್ತೇನೆ. ಒಂದು ಗೇಣಿನಷ್ಟು ಗಾಜಿನ ಕಡ್ಡಿ ಮೂರನೇ ಸಾಲಿನಿಂದಾಚೆ ಕಾಣುವುದಿಲ್ಲ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಚೀಟಿ, ನಡುವೆ ಇದು ಬಿದ್ದು ಒಡೆದರೆ ಸಭೆಗೆ ನೆನಪಿರುವುದು ಅದೊಂದೇ. ಕೂತವರು ದಿನಾ ನೋಡುವ ವಸ್ತುವನ್ನು ತೋರಿಸುವ ಅಗತ್ಯವೂ ಇಲ್ಲ. ಹೆಸರು ಹೇಳಿದರೆ ಸಾಕು.

ದೊಡ್ಡ ವಸ್ತುವಾದರೆ, ಅಥವಾ ಕೇಳುವವರು ಎಂದೂ ನೋಡದ್ದಾದರೆ ತನ್ನಿ. ಆಗ ಮೊದಲಿನಿಂದಲೇ ಟೇಬಲ್ ಮೇಲೆ ಇಡಬೇಡಿ, ಜನ ಅದನ್ನೇ ನೋಡುತ್ತಾ ಕೂರುತ್ತಾರೆ. ಬೇಕಾದಾಗ ತೆಗೆದು, ಎರಡು ಸೆಕೆಂಡು ಸುಮ್ಮನೆ ತೋರಿಸಿ, ಮಾತು ಮುಂದುವರಿಯುವಾಗ ಕೆಳಗಿಡಿ. ಕೈಯಲ್ಲಿ ಹಿಡಿದು ಆಡಿಸುತ್ತಾ ಮಾತಾಡಿದರೆ ಕಣ್ಣು ಕೈಯ ಹಿಂದೆ ಹೋಗುತ್ತದೆ, ಕಿವಿ ಉಳಿಯುವುದಿಲ್ಲ.

ಸರಿಯಾಗಿದೆಯೇ ಎಂದು ನೋಡುವುದು ಹೇಗೆ

ಕರಡು ಮುಗಿದ ಮೇಲೆ ವಸ್ತು ಬರುವ ಎಲ್ಲ ವಾಕ್ಯಗಳನ್ನೂ ಅಳಿಸಿ ಉಳಿದದ್ದನ್ನು ಓದಿ. ಭಾಷಣ ಚೆನ್ನಾಗಿಯೇ ನಡೆಯುತ್ತಿದೆ ಎನಿಸಿದರೆ ವಸ್ತು ಬರೀ ಅಲಂಕಾರ. ನಮ್ಮ ಭಾಷಣದಲ್ಲಿ ಲ್ಯಾಕ್ಟೋಮೀಟರ್ ತೆಗೆದರೆ ಅಜ್ಜಿಯ ಕಥೆ ಅರ್ಥವೇ ಆಗುವುದಿಲ್ಲ. ಅಲ್ಲಿಗೆ ಎಳೆ ಗಟ್ಟಿ ಇದೆ ಎಂದಾಯಿತು.

ಇದರ ಉಲ್ಟಾ ಪರೀಕ್ಷೆಯೂ ಇದೆ. ವಸ್ತು ಬರುವ ನಾಲ್ಕು ಜಾಗಗಳನ್ನು ಮಾತ್ರ ಒಂದರ ಕೆಳಗೊಂದು ಬರೆಯಿರಿ. ಎರಡನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿದರೂ ನಡೆಯುತ್ತದೆ ಎನಿಸಿದರೆ ಅರ್ಥ ಮುಂದೆ ಸಾಗಿಲ್ಲ, ಸುತ್ತುತ್ತಿದೆ. ಆಗ ತಿರುವಿನ ಭಾಗಕ್ಕೆ ಹೋಗಿ. ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಎರಡನೇ ವಸ್ತು ನುಸುಳಿದೆಯೇ ಎಂದೂ ನೋಡಿ. ಬರೆಯುವ ಹುಮ್ಮಸ್ಸಿನಲ್ಲಿ "ಸಂಘದ ಆಧಾರಸ್ತಂಭ", "ಹಡಗಿನ ನಾವಿಕ", "ದಾರಿದೀಪ" ಎಂಬ ಮಾತುಗಳು ತಾವಾಗಿಯೇ ಬಂದು ಕೂರುತ್ತವೆ. ಒಂದೊಂದೂ ಲ್ಯಾಕ್ಟೋಮೀಟರನ್ನು ಸ್ವಲ್ಪ ಸ್ವಲ್ಪ ಮಸುಕು ಮಾಡುತ್ತದೆ. ಎಲ್ಲ ತೆಗೆಯಿರಿ.

ಆಮೇಲೆ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದ ಲೆಕ್ಕ ನಂಬಬೇಡಿ. ಸಭೆಯಲ್ಲಿ ನಗುವಿಗೆ, ಚಪ್ಪಾಳೆಗೆ ನಿಲ್ಲಬೇಕಾಗುತ್ತದೆ, ಹಾಗಾಗಿ ಆರು ನಿಮಿಷ ಸಿಕ್ಕಿದ್ದರೆ ಐದಕ್ಕೆ ಮುಗಿಯುವಂತೆ ಬರೆಯಿರಿ.

"ಎರಡೇ ನಿಮಿಷದಲ್ಲಿ ಮುಗಿಸಿ"

ಈ ಚೀಟಿ ಬಂದೇ ಬರುತ್ತದೆ. ಶಾಸಕರು ತಡವಾಗಿ ಬಂದಿರುತ್ತಾರೆ, ಊಟ ತಣ್ಣಗಾಗುತ್ತಿರುತ್ತದೆ. ನಿರೂಪಕರು ನಡುವೆ ಎರಡು ಚುಟುಕ ಹೇಳಿ ನಿಮ್ಮ ಸಮಯ ತಿಂದಿರುತ್ತಾರೆ. ಅದಕ್ಕೆ ಮೊದಲೇ ತಯಾರಿರಿ. ಕತ್ತರಿಸಬೇಕಾದಾಗ ಜನ ಕೊನೆಯಿಂದ ಕತ್ತರಿಸುತ್ತಾರೆ, ಎಳೆ ಹರಿಯುವುದು ಆಗಲೇ.

ಮೊದಲು ಬಿಡಬೇಕಾದ್ದು ಸಂಘದ ಇತಿಹಾಸ. ಅದನ್ನು ಅಧ್ಯಕ್ಷರು ಹೇಗೂ ಹೇಳುತ್ತಾರೆ. ಆಮೇಲೆ ಎಲೆಕ್ಷನ್ ಭಾಗ, ಅಂದರೆ ವಸ್ತು ಎರಡನೇ ಸಲ ಬರುವ ಜಾಗ. ಅಜ್ಜಿಯ ಕಥೆಯನ್ನು ಐದು ವಾಕ್ಯಕ್ಕೆ ಇಳಿಸಿ: ಡಿಗ್ರಿ ಕಡಿಮೆ, ಗುಸುಗುಸು, ಕೊಟ್ಟಿಗೆ, ಒಣ ಹುಲ್ಲು, ಪಶು ಆಹಾರ. ಬಗ್ಗುವ ಆರಂಭವನ್ನೂ ನಾಳೆಯ ಕ್ಯೂನ ಕೊನೆಯನ್ನೂ ಮುಟ್ಟಬೇಡಿ. ಈ ಚಿಕ್ಕ ರೂಪವನ್ನು ಬೇರೆ ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ವೇದಿಕೆ ಮೇಲೆ ನಿಂತು ಯಾವುದು ಬಿಡಲಿ ಎಂದು ಯೋಚಿಸುವುದಕ್ಕೆ ಸಮಯ ಸಿಗುವುದಿಲ್ಲ.